ಜೆರಾಕ್ಸ್ ಮಡಿಕೆಯಲ್ಲಿ ಅಂಶದ ಅರ್ಧ ಕಾಣೆ: ಈ ಅನುಕಲನ ಮುಗಿಯುತ್ತಲೇ ಇಲ್ಲ

ಹಾಸನ_ಪಿಯು2:

ಎಲ್ಲರಿಗೂ ನಮಸ್ಕಾರ. ಪೂರ್ವಸಿದ್ಧತಾ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯೊಂದರಲ್ಲಿ ಕೆಳಗಿನ ಲೆಕ್ಕವಿದೆ. ಹಾಳೆಯ ಮಡಿಕೆ ಸರಿಯಾಗಿ ಅಂಶದ ಮೇಲೆಯೇ ಬಿದ್ದಿರುವುದರಿಂದ ಅದರ ಒಂದು ಭಾಗ ಕಾಣಿಸುವುದಿಲ್ಲ.

∫ (x² ▒▒▒) eˣ / (x + 1)² dx

ಅಲ್ಲಿ ಏನಿರಬೇಕೆಂಬುದು ಯಾರಿಗಾದರೂ ತಿಳಿಯುವಂತಿದೆ, ಅದನ್ನು ತುಂಬಿಕೊಂಡೇ ಮಾಡುತ್ತಿದ್ದೇನೆ. ಆದರೆ ಬೈ ಪಾರ್ಟ್ಸ್ ಮಾಡಿದಷ್ಟೂ ಛೇದದ ಘಾತ ಬೆಳೆಯುತ್ತಲೇ ಹೋಗುತ್ತದೆ, ಉತ್ತರವಂತೂ ಬರುವುದಿಲ್ಲ. ಪುಟಗಟ್ಟಲೆ ಬರೆದು ಬೇಸತ್ತಿದ್ದೇನೆ. ನಾನು ಎಲ್ಲಿ ಎಡವುತ್ತಿದ್ದೇನೆಂದು ದಯವಿಟ್ಟು ತಿಳಿಸಿ.

ಮಲೆನಾಡಿಗ_ಸಕಲೇಶಪುರ:

ಮೊದಲು ಹಾಳೆಯ ಮಡಿಕೆಯನ್ನು ಬಿಡಿಸಿಕೊಳ್ಳಿ. ಹಾಳೆಯ ಮೇಲೆ ತೆಳುವಾದ ಹತ್ತಿಬಟ್ಟೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಒಂದೆರಡು ಸಲ ಆಡಿಸಿದರೆ ಗೆರೆ ಸಪಾಟಾಗುತ್ತದೆ. ಆಮೇಲೆ ದೀಪವನ್ನು ಒಂದೇ ಬದಿಯಿಂದ ಓರೆಯಾಗಿ ಬೀಳಿಸಿ ಫೋಟೊ ತೆಗೆಯಿರಿ. ನಾನು ತೋಟದ ಹಳೆಯ ಲೆಕ್ಕಪತ್ರಗಳಿಗೆಂದೇ ಮರದ ಚೌಕಟ್ಟು, ಎರಡು ಎಲ್ಇಡಿ ಪಟ್ಟಿ ಮತ್ತು ಮೊಬೈಲ್ ಹಿಡಿಕೆ ಸೇರಿಸಿ ಒಂದು ಸ್ಟ್ಯಾಂಡ್ ಮಾಡಿಕೊಂಡಿದ್ದೇನೆ. ಮಳೆಗಾಲದಲ್ಲಿ ಮುದುರಿದ ಹಾಳೆಯನ್ನೂ ಅದರಲ್ಲಿ ಓದಬಹುದು.

ಅರಸೀಕೆರೆ_ಟ್ಯೂಷನ್:

ಇಸ್ತ್ರಿಯ ಅಗತ್ಯವೇ ಇಲ್ಲ. ಅದು x² + 1. ಇದೇ ಛೇದ, ಇದೇ eˣ ಇರುವ ಲೆಕ್ಕವನ್ನು ನಮ್ಮ ಪಠ್ಯಪುಸ್ತಕದಲ್ಲಿಯೇ ಬಿಡಿಸಿ ತೋರಿಸಿದ್ದಾರೆ. ಉತ್ತರ eˣ (x − 1)/(x + 1) + C. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಹಾಸನ_ಪಿಯು2:

ಸರ್, ನಿಮ್ಮ ಉತ್ತರ ನನ್ನ ಬಳಿಯಿರುವ ಉತ್ತರಪಟ್ಟಿಗೆ ತಾಳೆಯಾಗುವುದಿಲ್ಲ.

ಮಲೆನಾಡಿಗ_ಸಕಲೇಶಪುರ:

ಊಹೆಗಳನ್ನು ಆಮೇಲೆ ಮಾಡೋಣ, ಮೊದಲು ಹಾಳೆ ಸಪಾಟಾಗಲಿ. ಇಸ್ತ್ರಿಯಿಂದ ಆಗದಿದ್ದರೆ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟು ನೋಡಿ.

ಚಿಕ್ಕಮಗಳೂರು_ನಿವೃತ್ತ_ಉಪನ್ಯಾಸಕ:

ಪ್ರಶ್ನೆ ಕೇಳಿದವರಿಗೆ ಮೂರು ಮರುಪ್ರಶ್ನೆಗಳಿವೆ. ಮಡಿಕೆ ನಿಮ್ಮ ಹಾಳೆಯಲ್ಲಿದೆಯೋ, ಅಥವಾ ಮೂಲಪ್ರತಿಯನ್ನು ಮಡಿಕೆಸಮೇತ ಯಂತ್ರದ ಮೇಲಿಟ್ಟು ಜೆರಾಕ್ಸ್ ತೆಗೆದಿದ್ದಾರೋ? ನೀವು ತುಂಬಿಕೊಂಡದ್ದು ಏನು? ಉತ್ತರಪಟ್ಟಿಯಲ್ಲಿ ಏನಿದೆ? ಇವುಗಳನ್ನು ತಿಳಿಸದೆ ಸಹಾಯ ಕೇಳಿದರೆ ಎಲ್ಲರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹಾಸನ_ಪಿಯು2:

ಜೆರಾಕ್ಸ್ ಪ್ರತಿ, ಸರ್. ನನ್ನ ಹಾಳೆ ನೆಟ್ಟಗೇ ಇದೆ. ಅಂಗಡಿಯವರು ಮೂಲಪ್ರತಿಯ ಮಡಿಕೆಯನ್ನು ಬಿಡಿಸದೆಯೇ ತೆಗೆದಿದ್ದಾರೆ. ನಾನು ತುಂಬಿಕೊಂಡದ್ದು x² − 1, ಏಕೆಂದರೆ ಒಂದು (x + 1) ಹೊಡೆದುಹೋಗುತ್ತದೆ. ಉತ್ತರಪಟ್ಟಿ ಬೇರೆ ಹಾಳೆಯಲ್ಲಿದೆ, ಅದರಲ್ಲಿ x eˣ/(x + 1) + C ಎಂದಿದೆ.

ಚಿಕ್ಕಮಗಳೂರು_ನಿವೃತ್ತ_ಉಪನ್ಯಾಸಕ:

ಹಾಗಾದರೆ ಇಸ್ತ್ರಿಯ ಮಾತನ್ನು ಇಲ್ಲಿಗೆ ಬಿಡೋಣ. ಜೆರಾಕ್ಸ್ ತೆಗೆಯುವಾಗಲೇ ಮಡಿಕೆಯೊಳಗೆ ಸೇರಿಹೋಗಿದ್ದ ಅಕ್ಷರಗಳು ನಿಮ್ಮ ಹಾಳೆಗೆ ಬಂದೇ ಇಲ್ಲ, ಇಲ್ಲದ ಅಕ್ಷರವನ್ನು ಯಾವ ದೀಪವೂ ತೋರಿಸಲಾರದು.

x² − 1 ಹಾಕಿದರೆ ಉಳಿಯುವುದು eˣ (x − 1)/(x + 1), ಅಂದರೆ eˣ − 2eˣ/(x + 1). ಇದರ ಎರಡನೆಯ ಪದದಲ್ಲಿ t = x + 1 ಎಂದಿಟ್ಟರೆ ∫ eᵗ/t dt ಎದುರಾಗುತ್ತದೆ. ನಮಗೆ ಪರಿಚಿತವಾದ ಘಾತ, ಲಾಗ್, ತ್ರಿಕೋನಮಿತಿ ಫಲನಗಳನ್ನು ಹೇಗೆ ಜೋಡಿಸಿದರೂ ಇದಕ್ಕೆ ಉತ್ತರ ಬರೆಯಲಾಗದೆಂಬುದು ಫ್ರಾನ್ಸಿನ ಲಿಯೂವಿಲ್ 1830ರ ದಶಕದಲ್ಲಿ ಮಾಡಿದ ಕೆಲಸದಿಂದ ತಿಳಿದುಬಂದಿದೆ. ಆದ್ದರಿಂದ ನಿಮ್ಮ ಬೈ ಪಾರ್ಟ್ಸ್ ತಪ್ಪಿಲ್ಲ. ನೀವು ಬಿಡಿಸುತ್ತಿರುವ ಲೆಕ್ಕಕ್ಕೇ ಕೊನೆಯಿಲ್ಲ. ಪ್ರತಿ ಸಲವೂ ಛೇದದ ಘಾತ ಒಂದೊಂದು ಏರುತ್ತದೆಯೇ ಹೊರತು eˣ sin x ನಲ್ಲಿ ಆಗುವಂತೆ ಮೊದಲಿನ ಇಂಟಿಗ್ರಲ್ ಮರಳಿ ಬರುವುದಿಲ್ಲ.

ಈಗ ಮಡಿಕೆಯಲ್ಲಿ ಸ್ಥಿರಾಂಕ ಮಾತ್ರವಲ್ಲ, x ಇರುವ ಪದವೂ ಇರಬಹುದೆಂದು ಭಾವಿಸಿ, ಅಂಶವನ್ನು x² + px + q ಎಂದು ಬರೆಯೋಣ. ಇದನ್ನು (x + 1) ರಲ್ಲಿ ಮತ್ತೆ ಬರೆದರೆ ಹೀಗಾಗುತ್ತದೆ.

x² + px + q = (x + 1)² + (p − 2)(x + 1) + (1 − p + q)

ಛೇದದಿಂದ ಭಾಗಿಸಿದರೆ eˣ ಪಕ್ಕದಲ್ಲಿ 1 + (p − 2)/(x + 1) + (1 − p + q)/(x + 1)² ನಿಲ್ಲುತ್ತದೆ. ಮೊದಲ ಎರಡು ಪದಗಳನ್ನು f(x) ಎಂದು ಕರೆದರೆ ಅದರ ಅವಕಲನ −(p − 2)/(x + 1)². eˣ [f(x) + f′(x)] ಮಾದರಿ ಪೂರ್ಣವಾಗಬೇಕಾದರೆ 1 − p + q ಮತ್ತು 2 − p ಸಮವಾಗಬೇಕು. ಎರಡೂ ಕಡೆಯ p ಹೊಡೆದುಹೋಗಿ q = 1 ಎಂದು ಬರುತ್ತದೆ. q ಬೇರೆ ಏನೇ ಆಗಿದ್ದರೂ ∫ eᵗ/t dt ಒಂದು ತುಣುಕಾಗಿ ಉಳಿದೇ ಉಳಿಯುತ್ತದೆ.

ಹೀಗೆ ಪ್ರಶ್ನೆಯಿಂದಲೇ ತಿಳಿಯುವುದು ಕೊನೆಯ ಸಂಖ್ಯೆ 1 ಎಂಬುದಷ್ಟೆ. p ಏನಾಗಿದ್ದರೂ ಲೆಕ್ಕ ಬಿಡಿಸಬಹುದು, ಅದರ ಉತ್ತರ eˣ (x + p − 1)/(x + 1) + C. ಅರಸೀಕೆರೆಯವರು p = 0 ಎಂದು ಹಿಡಿದಿದ್ದಾರೆ, ನಿಮ್ಮ ಉತ್ತರಪಟ್ಟಿಯ ಪ್ರಕಾರ p = 1. ಅಂದರೆ ಮಡಿಕೆಯಲ್ಲಿ + x + 1 ಇರಬೇಕು.

ಅರಸೀಕೆರೆ_ಟ್ಯೂಷನ್:

ಉಪನ್ಯಾಸಕರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ. ಪೂರ್ವಸಿದ್ಧತಾ ಪತ್ರಿಕೆಯವರು ಪಠ್ಯಪುಸ್ತಕದ ಲೆಕ್ಕವನ್ನೇ ಎತ್ತಿಕೊಳ್ಳುವುದು ರೂಢಿ. ಉತ್ತರಪಟ್ಟಿ ಬೆರಳಚ್ಚು ಮಾಡುವಾಗ x − 1 ರಲ್ಲಿನ − 1 ಬಿಟ್ಟುಹೋದರೆ ಉಳಿಯುವುದು x ಮಾತ್ರ. ಉತ್ತರಪಟ್ಟಿಯ ಮೇಲೆ ಇಷ್ಟೊಂದು ಭರವಸೆ ಇಡುವುದು ಸರಿಯಲ್ಲ.

ಕಡೂರು_ಬಿಎಸ್ಸಿ:

ನನ್ನದೂ ಇಂಥದೇ ತೊಂದರೆ. ಉಪನ್ಯಾಸಕರ ವಿಧಾನವನ್ನು ಇದಕ್ಕೂ ಹಚ್ಚಬಹುದೆಂದು ತೋರುತ್ತದೆ. ನನ್ನ ಹಾಳೆಯ ಮೇಲೆ ನೀರು ಬಿದ್ದು ಶಾಯಿ ಕಲಸಿಹೋಗಿದೆ.

y = ▒▒▒⁻¹ [ 2x / (1 ▒ x²) ], −1 < x < 1 ಆದರೆ dy/dx ಕಂಡುಹಿಡಿಯಿರಿ.

ಉತ್ತರ 2/(1 + x²) ಎಂದು ಹಿಂಬದಿಯಲ್ಲಿದೆ. ಹಾಗಾದರೆ ಇದು sin⁻¹ ಮತ್ತು ಕೂಡುವ ಚಿಹ್ನೆ ಎಂದು ನಿಶ್ಚಯಿಸಬಹುದಲ್ಲವೇ?

ಚಿಕ್ಕಮಗಳೂರು_ನಿವೃತ್ತ_ಉಪನ್ಯಾಸಕ:

ಕಡೂರಿನವರೇ, ಅವಕಲನದಲ್ಲಿ ಆ ಅನುಕೂಲವಿಲ್ಲ. ಅನುಕಲನದಲ್ಲಿ ಕಾಣೆಯಾದ ಜಾಗಕ್ಕೆ ಏನಾದರೊಂದನ್ನು ತುಂಬಿದರೆ ಲೆಕ್ಕವೇ ನಿಂತುಹೋಗಬಹುದು, ಆ ನಿಲ್ಲುವಿಕೆಯೇ ನಮಗೆ ಸುಳಿವು. ಅವಕಲನದಲ್ಲಿ ಏನು ತುಂಬಿದರೂ ಲೆಕ್ಕ ಮುಂದುವರಿದು ಯಾವುದೋ ಒಂದು ಉತ್ತರ ಬರುತ್ತದೆ, ಆದ್ದರಿಂದ ಪ್ರಶ್ನೆ ತನ್ನಷ್ಟಕ್ಕೆ ಏನನ್ನೂ ಬಿಟ್ಟುಕೊಡುವುದಿಲ್ಲ.

ನಿಮ್ಮ ಲೆಕ್ಕದಲ್ಲಿ ಉತ್ತರವೂ ಪೂರ್ತಿ ನೆರವಾಗುವುದಿಲ್ಲ. sin⁻¹ ಮತ್ತು 1 + x² ಇದ್ದರೂ, tan⁻¹ ಮತ್ತು 1 − x² ಇದ್ದರೂ ಆ ಅಂತರದಲ್ಲಿ y ಎಂಬುದು 2 tan⁻¹x ಆಗಿಯೇ ಇರುತ್ತದೆ. ಎರಡೂ ಒಂದೇ ಫಲನವಾದ್ದರಿಂದ ಅವಕಲನವೂ ಒಂದೇ. cos⁻¹ ಮತ್ತು 1 + x² ಆಗಿದ್ದರೆ ಉತ್ತರಕ್ಕೆ ಋಣ ಚಿಹ್ನೆ ಬರುತ್ತಿತ್ತು, ಅದನ್ನು ಬಿಟ್ಟುಬಿಡಬಹುದು.

ಕಡೂರು_ಬಿಎಸ್ಸಿ:

ಆದರೆ ಕಲೆಯ ಅಂಚಿನಲ್ಲಿ i ಅಕ್ಷರದ ಮೇಲಿನ ಚುಕ್ಕೆಯಂತೆ ಏನೋ ಕಾಣಿಸುತ್ತಿದೆ.

ಮಲೆನಾಡಿಗ_ಸಕಲೇಶಪುರ:

ಓರೆ ಬೆಳಕು ಇಂಥದಕ್ಕೇ ಬೇಕಾಗುವುದು. ಇವರದು ಜೆರಾಕ್ಸ್ ಅಲ್ಲ, ಮೂಲಹಾಳೆ. ಚುಕ್ಕೆ ಒತ್ತಿದ ಗುರುತೋ ಶಾಯಿಯ ಸಿಡಿತವೋ ಎಂಬುದು ಅದರಿಂದ ತಿಳಿಯುತ್ತದೆ.

ಅರಸೀಕೆರೆ_ಟ್ಯೂಷನ್:

ಪೆನ್ನಿನಲ್ಲಿ ಬರೆದದ್ದಾದರೆ ಒತ್ತಿದ ಗುರುತು ಇರುತ್ತದೆ, ಪ್ರಿಂಟರಿನಲ್ಲಿ ತೆಗೆದದ್ದಕ್ಕೆ ಎಲ್ಲಿಂದ ಬರಬೇಕು? ಅವರು ಯಾವುದೆಂದು ಹೇಳಿಯೇ ಇಲ್ಲ.

ಚಿಕ್ಕಮಗಳೂರು_ನಿವೃತ್ತ_ಉಪನ್ಯಾಸಕ:

ಕಡೂರಿನವರು ಅದಕ್ಕೆ ಬೇರೆ ಚರ್ಚೆಯನ್ನು ತೆರೆಯುವುದು ಒಳ್ಳೆಯದು.

ಹಾಸನದವರೇ, ಅರಸೀಕೆರೆಯವರ ಸಂಶಯವನ್ನು ತಳ್ಳಿಹಾಕುವಂತಿಲ್ಲ. ಉತ್ತರಪಟ್ಟಿಗೆ ಸಂಬಂಧವಿಲ್ಲದ ಇನ್ನೊಂದು ಸಾಕ್ಷಿ ನಿಮ್ಮ ಹಾಳೆಯಲ್ಲಿಯೇ ಇದೆ. ಮಡಿಕೆ ಮೇಲಿನಿಂದ ಕೆಳಗಿನವರೆಗೂ ಹಾದುಹೋಗಿರುವುದರಿಂದ ಅಕ್ಕಪಕ್ಕದ ಸಾಲುಗಳನ್ನೂ ನುಂಗಿರಬೇಕು. ಪೂರ್ತಿ ರೂಪ ನಿಮಗೆ ಗೊತ್ತಿರುವ ಒಂದು ಸಾಲನ್ನು ಹುಡುಕಿ, ಅದರಲ್ಲಿ ಯಾವ ಅಕ್ಷರಗಳು ಕಾಣೆಯಾಗಿವೆಯೆಂದು ತಿಳಿಸಿ. ಕಾಣೆಯಾದ ಅಗಲ ಗೊತ್ತಾದರೆ ಅಲ್ಲಿ + 1 ಹಿಡಿಸುತ್ತದೋ, + x + 1 ಹಿಡಿಸುತ್ತದೋ ಎಂದು ಹೇಳಬಹುದು.

ಹಾಸನ_ಪಿಯು2:

ಕೆಳಗಿನ ಸಾಲಿನ ಲೆಕ್ಕ ನನಗೆ ಗೊತ್ತಿದೆ, ∫ (sin x + cos x)/√(sin 2x) dx. ಅದರ ಅಂಶದಲ್ಲಿ (sin ಎಂಬುದು ಕಾಣುತ್ತದೆ, ಅದಕ್ಕೆ ಅಂಟಿಕೊಂಡಂತೆ s x) ಬರುತ್ತದೆ. ನಡುವಿನ x + co ಹೋಗಿದೆ. ಮೇಲಿನ ಸಾಲಿನಲ್ಲಿ ಮಡಿಕೆ ಖಾಲಿ ಜಾಗದ ಮೇಲೆ ಹಾದುಹೋಗಿದೆ.

ಚಿಕ್ಕಮಗಳೂರು_ನಿವೃತ್ತ_ಉಪನ್ಯಾಸಕ:

x + co ಎಂದರೆ ಮೂರು ಅಕ್ಷರ, ಒಂದು ಚಿಹ್ನೆ ಮತ್ತು ನಡುವಿನ ಅಂತರಗಳು. + x + 1 ಹೆಚ್ಚುಕಡಿಮೆ ಅಷ್ಟೇ ಅಗಲವನ್ನು ಬೇಡುತ್ತದೆ. ಬರಿಯ + 1 ಇದ್ದಿದ್ದರೆ ಅದು ಮಡಿಕೆಯೊಳಗೆ ಹೋಗಿಯೂ ಇನ್ನೆರಡು ಅಕ್ಷರದಷ್ಟು ಜಾಗ ಉಳಿದು, ಪಕ್ಕದ ಆವರಣ ಚಿಹ್ನೆಯನ್ನೋ x² ರ ಘಾತವನ್ನೋ ನುಂಗುತ್ತಿತ್ತು. ನಿಮ್ಮ ಪ್ರತಿಯಲ್ಲಿ ಅವೆರಡೂ ಉಳಿದಿವೆ.

ತಾಳೆ ನೋಡುವಾಗ ಒಂದು ಎಚ್ಚರಿಕೆ ಬೇಕು. ಹಲವರು ಸುಲಭವೆಂದು x = 0 ಇಟ್ಟು ನೋಡುತ್ತಾರೆ. ಅಲ್ಲಿ px ಸೊನ್ನೆಯಾಗುವುದರಿಂದ p ಏನಿದ್ದರೂ ಬೆಲೆ 1 ಬಂದು, ಎಲ್ಲ ಊಹೆಗಳೂ ಸರಿಯೆಂದು ತೋರುತ್ತವೆ. x = 1 ರ ಸುತ್ತ ನೋಡಿ. ಕ್ಯಾಲ್ಕುಲೇಟರಿನಲ್ಲಿ x eˣ/(x + 1) ರ ಬೆಲೆ 1.01 ರಲ್ಲಿ 1.37963, 0.99 ರಲ್ಲಿ 1.33886 ಬರುತ್ತದೆ. ವ್ಯತ್ಯಾಸವನ್ನು 0.02 ರಿಂದ ಭಾಗಿಸಿದರೆ ಸುಮಾರು 2.04. x² + x + 1 ಇಟ್ಟಾಗ x = 1 ರಲ್ಲಿ ಬರುವುದು 3e/4, ಅದೂ 2.04. x² + 1 ಇಟ್ಟರೆ e/2, ಅಂದರೆ 1.36 ಮಾತ್ರ.

ಅರಸೀಕೆರೆ_ಟ್ಯೂಷನ್:

ಈ ಗಣನೆಯಿಂದ ಉತ್ತರಪಟ್ಟಿಗೂ x² + x + 1 ಗೂ ಹೊಂದಿಕೆಯಿದೆಯೆಂದು ತಿಳಿಯಿತೇ ಹೊರತು ಉತ್ತರಪಟ್ಟಿಯೇ ಸರಿಯೆಂದು ಸಾಬೀತಾಗಲಿಲ್ಲ. ಅಗಲದ ವಾದವನ್ನು ಒಪ್ಪಬಹುದಿತ್ತು, ಆದರೆ ಮಡಿಕೆ ಓರೆಯಾಗಿದ್ದು ಮೇಲಕ್ಕೆ ಹೋದಂತೆ ಕಿರಿದಾಗಿದ್ದರೆ? ಮೇಲಿನ ಸಾಲಿನಿಂದ ಏನೂ ಸಿಕ್ಕಿಲ್ಲವಲ್ಲ.

ಚಿಕ್ಕಮಗಳೂರು_ನಿವೃತ್ತ_ಉಪನ್ಯಾಸಕ:

ಒಂದೇ ಸಾಲಿನ ಏರಿಕೆಯಲ್ಲಿ ಎರಡು ಅಕ್ಷರದಷ್ಟು ಅಗಲ ಕಡಿಮೆಯಾಗಬೇಕಾದರೆ ಮಡಿಕೆ ಬಹಳವೇ ಓರೆಯಾಗಿರಬೇಕು. ಹಾಗಿದ್ದರೆ ಎಡಭಾಗದ ಸಾಲುಗಳಿಗೂ ಬಲಭಾಗದ ಸಾಲುಗಳಿಗೂ ನೇರ ತಪ್ಪಿ, ಒಂದು ಕಡೆಯವು ವಾಲಿದಂತೆ ಕಾಣಬೇಕಿತ್ತು. ಹಾಸನದವರು ಅಡ್ಡಪಟ್ಟಿ ಇಟ್ಟು ನೋಡಿ ಹೇಳಲಿ.

ಹಾಸನ_ಪಿಯು2:

ಅಡ್ಡಪಟ್ಟಿ ಇಟ್ಟು ನೋಡಿದೆ, ಸರ್. ಬಲಭಾಗ ಕೂದಲೆಳೆಯಷ್ಟು ಕೆಳಗಿಳಿದಂತಿದೆ, ಆದರೆ ಅದು ವಾಲಿರುವುದೋ ಜಾರಿರುವುದೋ ತಿಳಿಯುವುದಿಲ್ಲ. ಸದ್ಯಕ್ಕೆ x² + x + 1 ಎಂದೇ ಬಿಡಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ x² + 1 ಎಂದೂ ಬರೆದುಕೊಂಡಿದ್ದೇನೆ. ಹೊಳೆನರಸೀಪುರದ ಸಹಪಾಠಿಯೊಬ್ಬರ ಬಳಿ ಇದೇ ಪತ್ರಿಕೆಯ ಬೇರೆ ಪ್ರತಿ ಇದೆಯಂತೆ, ಆದರೆ ಅದೂ ಅದೇ ಮೂಲಪ್ರತಿಯಿಂದ ತೆಗೆದದ್ದೋ ಏನೋ ವಿಚಾರಿಸಬೇಕು.

ಕಡೂರು_ಬಿಎಸ್ಸಿ:

ನನ್ನದು ಪ್ರಿಂಟರಿನಲ್ಲಿ ತೆಗೆದ ಹಾಳೆ. ಆ ಚುಕ್ಕೆಯ ಫೋಟೊವನ್ನು ಹೊಸ ಚರ್ಚೆಯಲ್ಲಿ ಹಾಕಿದ್ದೇನೆ.