ಸಹಾಯ ಬೇಕು: ಪುಸ್ತಕ ಬಿಡುಗಡೆ ಸಮಾರಂಭದ ನಿರೂಪಣೆ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಧಾರವಾಡದಲ್ಲಿ ನಡೆಯಲಿರುವ ಕಥಾಸಂಕಲನವೊಂದರ ಬಿಡುಗಡೆ ಸಮಾರಂಭದ ನಿರೂಪಣೆಯನ್ನು ನನಗೆ ವಹಿಸಿದ್ದಾರೆ. ಮೊದಲು ಲೇಖಕಿ, ಅನಂತರ ಕೃತಿಯನ್ನು ಕುರಿತು ಮಾತನಾಡುವ ವಿಮರ್ಶಕರು, ಕೊನೆಯಲ್ಲಿ ಮುಖ್ಯ ಅತಿಥಿಗಳು ಎಂಬ ಕ್ರಮದಲ್ಲಿಯೇ ಪರಿಚಯವಾಗಬೇಕೆಂದು ಸಂಘಟಕರು ತಿಳಿಸಿದ್ದಾರೆ.

ತೊಡಕು ಇರುವುದು ಇಲ್ಲಿ. ಪುಸ್ತಕವನ್ನು ಬಿಡುಗಡೆ ಮಾಡುವವರು ಮುಖ್ಯ ಅತಿಥಿಗಳೇ ಆದ್ದರಿಂದ ಅವರ ಪರಿಚಯ ಬಿಡುಗಡೆಗೆ ಮುನ್ನವೇ ಆಗಬೇಕು. ಆದರೆ ಅವರ ಭಾಷಣ ಬರುವುದು ವಿಮರ್ಶಕರ ಮತ್ತು ಲೇಖಕಿಯ ಮಾತುಗಳ ಬಳಿಕ. ಮೂವರ ಪರಿಚಯವನ್ನೂ ಸ್ವಾಗತದ ಬೆನ್ನಿಗೇ ಮುಗಿಸಿದರೆ, ಒಬ್ಬೊಬ್ಬರನ್ನು ಮಾತಿಗೆ ಆಹ್ವಾನಿಸುವಾಗ ಅದನ್ನೇ ಮತ್ತೆ ಹೇಳಿದಂತಾಗುತ್ತದೆ. ಹೀಗಾಗಿ ಆರಂಭದಲ್ಲಿ ತಲಾ ಒಂದು ನಿಮಿಷದ ಪರಿಚಯ, ಆಹ್ವಾನಿಸುವಾಗ ಒಂದೇ ವಾಕ್ಯ ಎಂದು ಯೋಚಿಸಿದ್ದೇನೆ.

ಲೇಖಕಿಯ ಪರಿಚಯವನ್ನು ಹೀಗೆ ಬರೆದಿದ್ದೇನೆ: “ಮೂರು ದಶಕ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ, ಹಳ್ಳಿಯ ಹೆಣ್ಣುಮಕ್ಕಳ ಮಾತನ್ನು ಹತ್ತಿರದಿಂದ ಕೇಳಿದ ಲೇಖಕಿಯವರ ಮೊದಲ ಸಂಕಲನವಿದು.” ‘ಖ್ಯಾತ’, ‘ಹೆಸರಾಂತ’ ಮುಂತಾದ ವಿಶೇಷಣಗಳಿಗಿಂತ ಇಂಥ ವಿವರವೇ ಸಭೆಯ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ. ವಿಮರ್ಶಕರ ವಿಷಯದಲ್ಲಿ, ಕಥೆಗಳ ತಿರುಳನ್ನು ನಾನೇ ಹೇಳಿ ಅವರ ಮಾತಿಗೆ ಅಡ್ಡಬರದಂತೆ, ಸಣ್ಣಕಥೆಯ ಕುರಿತ ಅವರ ಕೆಲಸವನ್ನಷ್ಟೇ ಹೇಳುವವನಿದ್ದೇನೆ.

ಮುಖ್ಯ ಅತಿಥಿಗಳು ನಿವೃತ್ತ ಅಧಿಕಾರಿಗಳು. ಅವರು ಕಳುಹಿಸಿದ ಪರಿಚಯಪತ್ರ ಎರಡು ಪುಟಗಳಷ್ಟಿದೆ. ಅವರ ಗೌರವಕ್ಕೆ ಕುಂದು ಬಾರದಂತೆ ಅದನ್ನು ಐದಾರು ವಾಕ್ಯಗಳಿಗೆ ಇಳಿಸಿ, ಅಲ್ಲಿಂದ ನೇರವಾಗಿ ಪುಸ್ತಕದ ಕಟ್ಟು ಬಿಚ್ಚುವ ಆಹ್ವಾನಕ್ಕೆ ಹೊರಳುವುದು ಹೇಗೆ? ಅನುಭವವುಳ್ಳವರು ತಾವು ಬಳಸಿದ ವಾಕ್ಯಗಳನ್ನು ದಯವಿಟ್ಟು ಹಂಚಿಕೊಳ್ಳಿ.