ಇ.ಸಿ. ಸ್ವಚ್ಛ ಐತಿ, ಬ್ಯಾಂಕು ಒಲ್ಲೆ ಅಂತೈತಿ (ಹುಬ್ಬಳ್ಳಿ, ನಮ್ಮ ಅಪಾರ್ಟ್‌ಮೆಂಟ್ ಗುಂಪು)

ಮಂಜುನಾಥ, 401: ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮನಿ ವ್ಯವಹಾರ ಮುರದು ಬಿತ್ತು. ತಗೊಳ್ಳೋರ ಬ್ಯಾಂಕಿನ ವಕೀಲರು ಎರಡು ತಕರಾರು ತಗದಾರ. ಜಾಗಾದ ಮ್ಯಾಲೆ ಹಳೇ ಗಹಾಣ ಐತಂತ, ನಾಲ್ಕನೇ ಮಹಡಿಗೆ ವಾಸಕ್ಕ ಪಾಲಿಕೆ ಕೊಡೋ ಓ.ಸಿ. ಇಲ್ಲಂತ. ನಾನು ಕಾವೇರಿ ಪೋರ್ಟಲ್‌ನಾಗ 2004ರಿಂದ ಇವತ್ತಿನ ತನಕ ಇ.ಸಿ., ಅಂದ್ರ ಋಣಭಾರ ಪ್ರಮಾಣಪತ್ರ, ತಗಸೀನಿ, ಫಾರಂ 16 ಬಂದೈತಿ, ಏನೂ ಬೋಜಾ ಇಲ್ಲ. ನಾಳೆ ನೀವು ಮಾರಾಕ ಹ್ವಾದ್ರೂ ಇದ ಬರತೈತಿ. ಕೂಡಿ ಏನರ ಮಾಡೋಣು.

ದೇಸಾಯಿ, 102: ಅವರಿಗೆ ತಗೊಳ್ಳಾಕ ಮನಸಿಲ್ಲ, ನೆವ ಹೇಳ್ತಾರ. ಕರ ತುಂಬ್ತೀವಿ, ಹೆಸ್ಕಾಂ ಮೀಟರ್ ಐತಿ, ಇ-ಖಾತಾ ಐತಿ. ಪಾಲಿಕೆನ ಒಪ್ಪಿಕೊಂಡಂಗ ಆತಲ್ಲ.

ಬಸವರಾಜ ಕಾಕಾ, 301: ಮಂಜು, ಒಂದು ಕೇಳ್ತೀನಿ. ನೀ ಮನಿ ಖರೇದಿ ಮಾಡಿದ್ದು 2013ರಾಗ ಅಲ್ಲೇನು? ಆ ಖರೇದಿ ನಿನ್ನ ಇ.ಸಿ.ಯಾಗ ಬಂದೈತೇನು?

ಮಂಜುನಾಥ, 401: ಇಲ್ರಿ ಕಾಕಾ. ಫಾರಂ 16ರಾಗ ಏನೂ ಇಲ್ಲ.

ಬಸವರಾಜ ಕಾಕಾ, 301: ನಿನ್ನ ಖರೇದಿನ ಬರಲಿಲ್ಲಂದ್ರ ಹುಡುಕಿದ್ದ ತಪ್ಪು. ಇಷ್ಟು ವರ್ಷ ಬಾಂಡ್ ರೈಟರ್ ಕೆಲಸ ಮಾಡಿ ನೋಡೀನಿ, ಮಂದಿ ಫಾರಂ 16 ಕಂಡ ಕೂಡ್ಲೆ ಖುಷಿ ಆಗ್ತಾರ. ಒಂದರ ನೋಂದಣಿ ಆಗೇತಿ ಅಂತ ಗೊತ್ತಿದ್ದ ಅವಧಿಗೆ ನೋಂದಣಿ ಪಟ್ಟಿ ಇರೋ ಫಾರಂ 15 ಬರಬೇಕು. ನೀ ಯಾವ ನಂಬರ್ ಹಾಕಿದ್ದಿ?

ಮಂಜುನಾಥ, 401: ಪಾಲಿಕೆ ಕರದ ಪಾವತಿ ಮ್ಯಾಲಿನ ಆಸ್ತಿ ನಂಬರ್.

ಬಸವರಾಜ ಕಾಕಾ, 301: ಅಲ್ಲೆ ತಪ್ಪಿತು. ನೋಂದಣಿ ವ್ಯಾಳ್ಯಾಕ ಪತ್ರದ ಶೆಡ್ಯೂಲ್‌ನಾಗ ಬರದಿದ್ದ ನಂಬರಿನ ಮ್ಯಾಲ ಹುಡುಕಿದ್ರ ಸಿಗತೈತಿ. ನಮ್ಮ ಪತ್ರದಾಗ ಇರೋದು ಸಿಟಿಎಸ್ ನಂಬರ್, ಅಂದ್ರ ಜಾಗಾದ ನಗರ ಸರ್ವೆ ನಂಬರ್. ಮನಿ ನಂಬರಿನ ಮ್ಯಾಲ ಹುಡುಕಿದ್ರೂ ಮನಿ ಹುಟ್ಟಿದ ಮ್ಯಾಲಿಂದಷ್ಟ ಸಿಗತೈತಿ, ಅದರ ಹಿಂದಿನ ಜಾಗಾದ ಕತಿ ಸಿಗಂಗಿಲ್ಲ. ಸಂಜೀಕ ನಾ ಸಿಟಿಎಸ್ ನಂಬರ್ ಹಾಕಿ ತಗಸ್ತೀನಿ.

ಸುಮಾ, 203: ಕಾಕಾ, ನಮ್ಮ ಅತ್ತಿಯವರು ತೀರಿಕೊಂಡ ಮ್ಯಾಲ ಖಾತಾ ಬದಲಿ ಮಾಡಿಸಿಲ್ರಿ. ಅದೂ ಇದರಾಗ ಬರತೈತೇನ್ರಿ?

ಬಸವರಾಜ ಕಾಕಾ, 301: ಅದು ಬ್ಯಾರೆ ಅವ್ವಾ, ವಾರಸಾ ವಿಷಯ. ಮನಿಗೆ ಬಾ, ಹೇಳ್ತೀನಿ.

ಬಸವರಾಜ ಕಾಕಾ, 301: ಬಂತು ನೋಡ್ರಿ, ಫಾರಂ 15. ಮೊದಲ ಜಾಗಾ ಮಾಲಕರು ಬಿಲ್ಡರಿಗೆ ಬರಕೊಟ್ಟ ಜಂಟಿ ಅಭಿವೃದ್ಧಿ ಕರಾರು, ಆಮ್ಯಾಲ 2011ರಾಗ ಬಿಲ್ಡರು ಬ್ಯಾಂಕಿಗೆ ಕೊಟ್ಟ ಗಹಾಣ, ಆಮ್ಯಾಲ ನಮ್ಮೆಲ್ಲಾರ ಖರೇದಿ. ಗಹಾಣ ಬಿಡಿಸಿದ ಪತ್ರ ಮಾತ್ರ ಎಲ್ಲೂ ಇಲ್ಲ. ನನಗ ಆಗ ಬ್ಯಾಂಕು 301ಕ್ಕಷ್ಟ ಎನ್‌ಒಸಿ ಕೊಟ್ಟಿತ್ತು, ಅದು ಫೈಲಿನಾಗ ಐತಿ. ನಿಮ್ಮದೂ ಹುಡುಕ್ರಿ. ಆದ್ರ ಎನ್‌ಒಸಿ ನೋಂದಣಿ ಆಗಿಲ್ಲ, ಹಂಗಾಗಿ ಇ.ಸಿ.ಯಾಗ ಗಹಾಣ ಹಂಗ ನಿಂತೈತಿ. ಸಾಲ ತೀರಿದ್ರ ಬ್ಯಾಂಕಿನವರು ಬಿಡುಗಡೆ ಪತ್ರ ಬರದು ಉಪನೋಂದಣಿ ಕಚೇರಿಯಾಗ ನೋಂದಣಿ ಮಾಡಿಕೊಡಬೇಕು. ತೀರಿಲ್ಲ ಅಂದ್ರ ದೊಡ್ಡ ಕತಿ.

ಮಂಜುನಾಥ, 401: ಮತ್ತ ಓ.ಸಿ.?

ಅನಿತಾ, 304: ಅದನ್ನ ನಾ ನೋಡೀನಿ. ನಮ್ಮ ಖರೇದಿ ಫೈಲಿನಾಗ ಓ.ಸಿ.ಯ ಝೆರಾಕ್ಸ್ ಐತಿ. "ನೆಲ ಮಹಡಿ ಮತ್ತು ಮೂರು ಮಹಡಿ" ಅಂತ ಬರದಾರ. ಕಟ್ಟಡ ನಾಲ್ಕು ಐತಿ. ದೇಸಾಯಿ ಸರ್, ಕರ ಕಟ್ಟಿಸಿಕೊಂಡ್ರ ಮಂಜೂರಾತಿ ಕೊಟ್ಟಂಗ ಆಗಂಗಿಲ್ರಿ. 2024ರ ಡಿಸೆಂಬರ್‌ನಾಗ ಸುಪ್ರೀಂ ಕೋರ್ಟ್, ಬ್ಯಾಂಕುಗಳು ಓ.ಸಿ. ಪರಿಶೀಲಿಸಿನ ಸಾಲ ಕೊಡಬೇಕು ಅಂದೈತಿ. ಅದಕ್ಕ 2013ರಾಗ ಯಾರೂ ಕೇಳದ ಕಾಗದ ಈಗ ಕೇಳ್ತಾರ.

ದೇಸಾಯಿ, 102: ಹಂಗಾರ ಅಕ್ರಮ-ಸಕ್ರಮ ಮಾಡಿಸಿಬಿಡ್ರಿ, ದಂಡ ತುಂಬಿದ್ರ ಆತು.

ಅನಿತಾ, 304: ಅದಕ್ಕ 2017ರ ಜನವರಿಯಾಗ ಸುಪ್ರೀಂ ಕೋರ್ಟ್ ತಡೆ ಕೊಟ್ಟೈತ್ರಿ. ಅದನ್ನ ನಂಬಿ ಕೂಡ್ರಾಕ ಬರಂಗಿಲ್ಲ. ಮೊದಲ ಮಂಜೂರಾದ ನಕಾಶೆ ಏನು ಹೇಳತೈತಿ ನೋಡಬೇಕು. ನಕಾಶೆಯಾಗ ನಾಲ್ಕನೇ ಮಹಡಿ ಇದ್ದು ಓ.ಸಿ. ಅರ್ಧಕ್ಕ ತಗೊಂಡಿದ್ರ, ಉಳಿದದ್ದಕ್ಕ ಅರ್ಜಿ ಹಾಕಿ ನೋಡಬಹುದು. ನಕಾಶೆಯಾಗ ಇಲ್ಲಂದ್ರ ಮಹಡಿನ ಹೆಚ್ಚುವರಿ, ಅದು ಪಾಲಿಕೆ ಮುಂದ ಕಷ್ಟ.

ಮಂಜುನಾಥ, 401: ನಕಾಶೆ ಯಾರ ಕಡೆ ಐತಿ?

ಅನಿತಾ, 304: ಬಿಲ್ಡರು ಫೋನ್ ಎತ್ತಂಗಿಲ್ಲ. ಸೋಮವಾರ ಪಾಲಿಕೆ ನಗರ ಯೋಜನಾ ವಿಭಾಗಕ್ಕ ಮಾಹಿತಿ ಹಕ್ಕಿನಾಗ ಅರ್ಜಿ ಹಾಕ್ತೀನಿ: ಮಂಜೂರಾದ ನಕಾಶೆ, ಓ.ಸಿ. ಎರಡರದೂ ದೃಢೀಕೃತ ಪ್ರತಿ. 10 ರೂಪಾಯಿ ಶುಲ್ಕ, 30 ದಿನದ ಗಡುವು.

ದೇಸಾಯಿ, 102: ನಾವು ಕೆಳಗಿನವರು ನಾಲ್ಕನೇ ಮಹಡಿ ಸಲುವಾಗಿ ಯಾಕ ಖರ್ಚು ಮಾಡಬೇಕು?

ಬಸವರಾಜ ಕಾಕಾ, 301: ಗಹಾಣ ಇಡೀ ಜಾಗಾದ ಮ್ಯಾಲ ಐತಿ ದೇಸಾಯಿಯವರ, 102ರ ಪಾಲೂ ಅದರಾಗ ಐತಿ. ಓ.ಸಿ. ಖರ್ಚಿನ ಮಾತು ಬ್ಯಾರೆ ಮಾಡೋಣು. ಇನ್ನೊಂದು: ಸುಮ್ಮನ ಮೂಲಪತ್ರ ಇಟ್ಟು ತಗೊಂಡ ಸಾಲ ನೋಂದಣಿ ಆಗಿಲ್ಲಂದ್ರ ಯಾವ ಇ.ಸಿ.ಯಾಗೂ ಕಾಣಂಗಿಲ್ಲ. ಹಂಗಾಗಿ ಬ್ಯಾಂಕಿಗೆ ಹೋದಾಗ ಜಾಗಾದ ಮೂಲಪತ್ರ ಯಾರ ಕಡೆ ಅದಾವ ಅಂತ ಕಣ್ಣಾರೆ ನೋಡಬೇಕು. ನಾನೂ ಮಂಜುನೂ ಹೋಗ್ತೀವಿ.

ಸುಮಾ, 203: ಕಾಕಾ, ನಾ ಈಗ ಬರಲ್ಯಾ?

ಬಸವರಾಜ ಕಾಕಾ, 301: ಬಾ. ಅತ್ತಿಯವರ ಖರೇದಿ ಪತ್ರ ತಗೊಂಡ ಬಾ. ಬ್ಯಾಂಕಿನ ಎನ್‌ಒಸಿ ಅದಕ್ಕ ಜೋಡಿಸಿದ್ರೂ ಇರಬಹುದು, ನೋಡೋಣು.