ಚಾಲಕರಿಗೆ ಬೀಳ್ಕೊಡುಗೆ ಪತ್ರ: ‘ಬೀಳ್ಕೊಳ್ಳುತ್ತಿದ್ದೇವೆ’ ಎನ್ನಬಹುದೇ?

ಪ್ರಶ್ನೆ (ಬೆಂಗಳೂರಿನಿಂದ)
ಮಾನ್ಯರೇ, ನಮ್ಮ ತಂದೆಯವರ ಕಾರನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಓಡಿಸಿದ ಚಾಲಕರು ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಹಾಸನದ ಕಡೆಯ ತಮ್ಮ ಊರಿಗೆ ಮರಳುತ್ತಿದ್ದಾರೆ. ಮನೆಯವರೆಲ್ಲ ಸಹಿ ಮಾಡಿದ ಪತ್ರವೊಂದನ್ನು ಅವರಿಗೆ ಕೊಡಬೇಕೆಂದಿದ್ದೇವೆ. ‘ನೀವು ನಮಗೆ ಸಲ್ಲಿಸಿದ ಸೇವೆಯನ್ನು ಸ್ಮರಿಸುತ್ತ, ಭಾರವಾದ ಮನಸ್ಸಿನಿಂದ ನಿಮ್ಮನ್ನು ಬೀಳ್ಕೊಳ್ಳುತ್ತಿದ್ದೇವೆ’ ಎಂದು ಬರೆದೆ. ‘ಸೇವೆ’, ‘ಬೀಳ್ಕೊಳ್ಳು’ ಎರಡೂ ಅನುಮಾನ ಹುಟ್ಟಿಸುತ್ತಿವೆ. ಸಂಬೋಧನೆ ಹೇಗಿರಬೇಕು? ಅವರು ತಂದೆಗಿಂತ ಕಿರಿಯರು, ನನಗಿಂತ ಹಿರಿಯರು.

ಧಾರವಾಡದಿಂದ
‘ಬೀಳ್ಕೊಳ್ಳು’, ‘ಬೀಳ್ಕೊಡು’ ಎರಡೂ ಕ್ರಿಯಾಪದಗಳ ಅರ್ಥ ಒಂದೇ, ಚಿಂತೆ ಬೇಡ. ಹಿರಿಯರಾದ್ದರಿಂದ ‘ತೀರ್ಥರೂಪ’ ಎಂದೇ ಆರಂಭಿಸಿರಿ.

ಮೈಸೂರಿನಿಂದ, ನಿವೃತ್ತ ಅಧ್ಯಾಪಕಿ
ಅರ್ಥ ಒಂದೇ ಅಲ್ಲ. ಹೊರಡುವವರು ಅಪ್ಪಣೆ ಪಡೆದು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. ‘ತಂದೆಯನ್ನು ಬೀಳ್ಕೊಂಡು ಹೊರಟನು’ ಎಂದರೆ ಹೊರಟವನು ಮಗ. ನಿಮ್ಮ ವಾಕ್ಯದ ಪ್ರಕಾರ ಊರು ಬಿಡುತ್ತಿರುವವರು ನೀವೇ ಆಗುತ್ತೀರಿ! ‘ಬೀಳ್ಕೊಡುತ್ತಿದ್ದೇವೆ’ ಎಂದು ತಿದ್ದಿಕೊಳ್ಳಿ.

‘ಸಲ್ಲಿಸಿದ ಸೇವೆ’ ಕಚೇರಿಯ ನಿವೃತ್ತಿ ಸಮಾರಂಭದಲ್ಲಿ ಒಪ್ಪುತ್ತದೆ, ಏಕೆಂದರೆ ಅಲ್ಲಿ ಸೇವೆ ಸಲ್ಲುವುದು ಇಲಾಖೆಗೆ. ‘ನಮಗೆ ಸಲ್ಲಿಸಿದ’ ಎಂದು ಮನೆಯ ಯಜಮಾನರೇ ಬರೆದಾಗ ತಮ್ಮನ್ನು ತಾವೇ ಮೇಲೆ ಕೂರಿಸಿಕೊಂಡಂತಾಗುತ್ತದೆ. ‘ನಮ್ಮ ಮನೆಗಾಗಿ ದುಡಿದಿರಿ’ ಎಂದರೆ ಸಾಕು, ಅದರ ಬೆನ್ನಿಗೇ ನಡೆದ ಸಂಗತಿಯೊಂದನ್ನು ಬರೆಯಿರಿ. ‘ಮನೆಯವರಂತಿದ್ದಿರಿ’ ಎಂಬುದನ್ನು ಎಲ್ಲರೂ ಬರೆಯುತ್ತಾರೆ, ಸಂಬಳ ಕೊಟ್ಟವರ ಬಾಯಲ್ಲಿ ಅದು ತುಸು ಸಲೀಸಾದ ಮಾತು.

‘ತೀರ್ಥರೂಪ’ ತಂದೆಗೆ ಮೀಸಲು. ತಂದೆಯಂಥ ಹಿರಿಯರಿಗಾದರೆ ‘ತೀರ್ಥರೂಪ ಸಮಾನರಾದ’ ಎಂದು ಬರೆಯುವ ರೂಢಿಯಿತ್ತು. ಆದರೆ ಈ ಪತ್ರಕ್ಕೆ ನಿಮ್ಮ ತಂದೆಯವರ ಸಹಿಯೂ ಬೀಳುವುದರಿಂದ, ಕಿರಿಯರನ್ನು ಅವರು ಹಾಗೆ ಕರೆಯುವುದು ಸಲ್ಲದು. ‘ಪ್ರೀತಿಯ’ ಎಂದು ಆರಂಭಿಸಿ, ಹೆಸರಿನ ಮುಂದೆ ‘ಅವರಿಗೆ’ ಎಂದು ಸೇರಿಸಿದರೆ ಎಲ್ಲರಿಗೂ ಹೊಂದುತ್ತದೆ.

ಶಿವಮೊಗ್ಗದಿಂದ
ನಮ್ಮ ಚಾಲಕರಿಗೂ ಇಂಥದ್ದೇ ಪತ್ರ ಬೇಕಾಗಿತ್ತು. ಎಂದಿನಿಂದ ಎಂದಿನವರೆಗೆ ಕೆಲಸದಲ್ಲಿದ್ದರು, ಯಾವ ಗಾಡಿ ಓಡಿಸುತ್ತಿದ್ದರು, ಅಪಘಾತವಾಗಿತ್ತೇ ಎಂಬುದನ್ನು ನಮೂದಿಸಿ, ದಿನಾಂಕ ಹಾಕಿ ಕೊಟ್ಟೆವು.

ಮೈಸೂರಿನಿಂದ
ಅದು ಅನುಭವ ಪತ್ರ. ಮುಂದೆ ಬೇರೆ ಕಡೆ ಕೆಲಸಕ್ಕೆ ಸೇರುವುದಾದರೆ ಬೇಕಾಗುತ್ತದೆ, ಆದರೆ ಬೇರೆ ಹಾಳೆಯಲ್ಲಿರಲಿ. ಅಕ್ಕರೆಯ ಮಾತಿನ ನಡುವೆ ಅಪಘಾತದ ಲೆಕ್ಕ ಬರಬಾರದು.

ಬೆಂಗಳೂರಿನಿಂದ
ಎಲ್ಲರಿಗೂ ವಂದನೆಗಳು. ಹೀಗೆ ತಿದ್ದಿದ್ದೇನೆ: ‘ಅಮ್ಮನಿಗೆ ನಡುರಾತ್ರಿ ಉಸಿರಾಟ ಕಷ್ಟವಾದಾಗ ಕರೆದ ಕೂಡಲೇ ಬಂದಿರಿ, ಆಸ್ಪತ್ರೆಯಲ್ಲಿ ಬೆಳಗಿನವರೆಗೂ ನಮ್ಮೊಡನೆ ಕುಳಿತಿರಿ. ಇಷ್ಟು ವರ್ಷ ನಮ್ಮ ಮನೆಗಾಗಿ ದುಡಿದ ನಿಮ್ಮನ್ನು ಗೌರವದಿಂದ, ಪ್ರೀತಿಯಿಂದ ಬೀಳ್ಕೊಡುತ್ತಿದ್ದೇವೆ.’ ಮಕ್ಕಳು ಮಾತ್ರ ತಮ್ಮ ಸಹಿಯ ಮೇಲೆ ‘ಡ್ರೈವರ್ ಮಾಮನಿಗೆ’ ಎಂದೇ ಬರೆಯುತ್ತೇವೆಂದು ಹಟ ಹಿಡಿದಿದ್ದಾರೆ. ಬಿಡಬಹುದೇ?

ಧಾರವಾಡದಿಂದ
ಬಿಡಬೇಡಿರಿ, ಪತ್ರದ ಗಾಂಭೀರ್ಯ ಕೆಡುತ್ತದೆ.

ಮೈಸೂರಿನಿಂದ
ನಾನಾದರೆ ಬಿಡುತ್ತೇನೆ.